ಹೊಳೆಯೂ ಲಾಲಾ, ನೀನೂ ಲಾಲಾ

ಪ್ರೀತಿಯ ತಂಗಿ,

ಶ್ರೀರಂಗಪಟ್ಟಣದಿಂದ ನೀನು ಕಳಿಸಿದ ಅಜ್ಜಿಯ ಜೋಗುಳವನ್ನೂ ಅದರ ಪಾರಸಿ ಅನುವಾದವನ್ನೂ ಗಟ್ಟಿಯಾಗಿ ಓದಿಕೊಂಡೆ.

ಜೋ ಜೋ ಮಲ್ಲಿಗೆ ಮೊಗ್ಗೇ ಜೋ ಜೋ
ಹೊಳೆಯೂ ಮಲಗ್ತು ಮಲಗೋ ಜೋ ಜೋ

ಸಾಲಿಗೆ ಹದಿನಾರು ಮಾತ್ರೆ, ನಾಲ್ಕು ನಾಲ್ಕರಂತೆ ನಾಲ್ಕು ತೂಗು. ನೀನು ಅರ್ಥವನ್ನು ಉಳಿಸಿದ್ದೀಯೆ, ಆದರೆ ತೂಗು ನಿಂತುಹೋಗಿದೆ.

ಮೊದಲು ಆ ‘ಜೋ’. ಅದನ್ನು ಹಾಗೇ ಇಡಬಾರದು. ಪಾರಸಿ ಲಿಪಿಯಲ್ಲಿ ಅದನ್ನು ಬರೆದರೆ ಓದುವವರು ‘ಜೊವ್’ ಅಂದರೆ ಬಾರ್ಲಿ ಎಂದೋ, ‘ಜೂ’ ಅಂದರೆ ತೊರೆ ಎಂದೋ ಓದುತ್ತಾರೆ. ನಾನೂ ಒಮ್ಮೆ ಹಾಗೇ ಬಿಟ್ಟಿದ್ದೆ. ಮೈಸೂರಿಗೆ ಓದಲು ಬಂದಿದ್ದ ಇರಾನಿ ಹುಡುಗಿಯೊಬ್ಬಳು ‘ತೊಟ್ಟಿಲಲ್ಲಿ ಧಾನ್ಯ ಯಾಕೆ?’ ಅಂದಳು. ಅಲ್ಲಿನ ತಾಯಂದಿರ ಮಾತು ‘ಲಾಲಾ’. ನಮ್ಮ ಲಾಲಿಗೆ ಹತ್ತಿರದ್ದು. ಜೊತೆಗೆ ಇರಾನಿನವರ ‘ಆ’ ತುಟಿ ದುಂಡಗಾಗಿ ಬರುತ್ತದೆ, ನಮ್ಮ ‘ಓ’ ಕಡೆಗೆ ವಾಲುತ್ತದೆ. ಅಜ್ಜಿಯ ‘ಜೋ’ ಪೂರ್ತಿ ಕಳೆದುಹೋಗುವುದಿಲ್ಲ.

ಇನ್ನು ನೀನು ಮೊಗ್ಗಿಗೆ ‘ಗೊಂಚೆ’ ಹಾಕಿದ್ದೀಯೆ, ಮಲಗು ಎಂಬುದಕ್ಕೆ ‘ಬೆಖಾಬ್’. ಎರಡೂ ಸರಿಯಾದ ಪದಗಳೇ. ಆದರೆ ಆ ‘ಗ’ವೂ ‘ಖ’ವೂ ನಮ್ಮವಲ್ಲ, ಗಂಟಲ ಆಳದಿಂದ ಉಜ್ಜಿಕೊಂಡು ಬರುವವು. ಎರಡೇ ಸಾಲಿನಲ್ಲಿ ಎರಡು ಸಲ ಬಂದರೆ ಮಗು ಕಣ್ಣು ಬಿಡುತ್ತದೆ. ಮೊಗ್ಗನ್ನು ಬಿಟ್ಟು ಹೂವನ್ನು ಉಳಿಸಿಕೋ. ‘ಲಾಲಾ ಲಾಲಾ’ ಅಂದ ಕೂಡಲೇ ಒಂದು ಹೂವಿನ ಹೆಸರು ಕರೆಯುವುದು ಅಲ್ಲಿನ ಜೋಗುಳಗಳ ರೂಢಿ, ನಮ್ಮ ಮಲ್ಲಿಗೆಗೆ ಅಲ್ಲಿ ಜಾಗ ಆಗಲೇ ಸಿದ್ಧವಿದೆ. ‘ಲಾಲಾ’ ಎಂದರೆ ಮಕ್ಕಳ ಮಾತಿನಲ್ಲಿ ನಿದ್ದೆಯೂ ಹೌದು, ಹಾಗಾಗಿ ಮಲಗು ಎನ್ನಲು ಬೇರೆ ಪದವೇ ಬೇಡ. ನಾನು ಹೀಗೆ ಕಟ್ಟಿ ನೋಡಿದೆ:

ಲಾಲಾ ಲಾಲಾ ಗೊಲೆ ಯಾಸಮ್
ರೂದ್ ಹಮ್ ಲಾಲಾ, ತೊ ಹಮ್ ಲಾಲಾ

ಲಾಲಾ ಲಾಲಾ, ನನ್ನ ಮಲ್ಲಿಗೆ ಹೂವೇ. ಹೊಳೆಯೂ ಲಾಲಾ, ನೀನೂ ಲಾಲಾ. ಕನ್ನಡದಲ್ಲಿ ‘ಲ್ಲ’, ‘ಗ್ಗ’ ಒತ್ತಕ್ಷರಗಳು ತೊಟ್ಟಿಲನ್ನು ನೂಕುತ್ತವೆ. ಪಾರಸಿಯಲ್ಲಿ ಆ ಕೆಲಸ ದೀರ್ಘ ಸ್ವರಗಳದ್ದು. ಸಾಲಿಗೆ ಎಂಟು ಅಕ್ಷರ, ತೂಗಿಗೆ ಎರಡರಂತೆ ಮತ್ತೆ ನಾಲ್ಕೇ ತೂಗು. ‘ಗೊಲೆ’ ಮತ್ತು ‘ತೊ’ ಮಾತ್ರ ಗಿಡ್ಡ. ‘ಗೊಲೆ’ಯ ಕೊನೆಯ ‘ಎ’ ಹೂವನ್ನೂ ಮಲ್ಲಿಗೆಯನ್ನೂ ಬೆಸೆಯುವ ಸ್ವರ, ಅದನ್ನೂ ‘ತೊ’ವನ್ನೂ ಎಳೆದು ಹಾಡಲು ಪಾರಸಿ ಛಂದಸ್ಸು ಒಪ್ಪುತ್ತದೆ. ಕೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ಹಾಡಿ ನೋಡು. ಎಲ್ಲಿ ಕೈ ತಡೆಯುತ್ತದೋ ಅಲ್ಲಿ ಪದ ತಪ್ಪಿದೆ.

ಒಂದು ಮಾತ್ರ ದಾಟಲಿಲ್ಲ. ‘ಮಲಗೋ’ ಎಂದರೆ ಗಂಡುಮಗು, ‘ಮಲಗೇ’ ಎಂದರೆ ಹೆಣ್ಣುಮಗು. ಪಾರಸಿಯ ‘ತೊ’ಗೆ ಆ ಭೇದವಿಲ್ಲ. ನನಗೆ ಅದು ನಷ್ಟವೆಂದೇ ಅನಿಸುತ್ತದೆ. ಅಜ್ಜಿ ನಿನ್ನನ್ನು ತೂಗುವಾಗ ‘ಮಲಗೇ’ ಎನ್ನುತ್ತಿದ್ದರೋ, ‘ಜೋ’ಗೆ ಹೊಂದಲೆಂದು ‘ಮಲಗೋ’ ಎಂದೇ ಹಾಡುತ್ತಿದ್ದರೋ, ಕೇಳಿ ಬರೆ.

ನಿನ್ನ ಅಣ್ಣ,
ಮೈಸೂರು