ಸೀನ, ಈ ಸಲ ತಾರೀಖು ಬರೆದೆ

ಸ್ಟುಟ್‌ಗಾರ್ಟ್, 25 ನವೆಂಬರ್ 2025

ಪ್ರೀತಿಯ ಸೀನ,

ನೀನು ಕೇಳಿದ್ದು ಒಂದೇ ಮಾತು. ‘ಬೆಂಗಳೂರಿನ ರೆಕ್ರೂಟರ್‌ಗಳಿಗೆ ಏನು ಬರೆದೆಯೋ, ಅದನ್ನು ನನಗೂ ಕಳಿಸು’ ಅಂತ. ಫೋನಿನಲ್ಲೇ ಹೇಳಿ ಮುಗಿಸೋಣ ಅಂದುಕೊಂಡಿದ್ದೆ. ಆದರೆ ಇದನ್ನೇ ಇಲ್ಲಿಯ ಕನ್ನಡದ ಹುಡುಗರು ಮೂರು ನಾಲ್ಕು ಜನ ಕೇಳಿದ್ದಾರೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನನ್ನು ಬರೀ ಸೀನ ಅಂದಿದ್ದೇನೆ. ಪೂರ್ತಿ ಹೆಸರು ಹೇಳಿಲ್ಲ, ಹೆದರಬೇಡ.

ಮೊದಲು ಹಳೆಯ ಮೇಲ್ ವಿಷಯ. ಎರಡು ವರ್ಷದ ಹಿಂದೆ ನಾನು ಬರೆದಿದ್ದು ಹೀಗಿತ್ತು: ‘ಸದ್ಯದಲ್ಲೇ ಬೆಂಗಳೂರಿಗೆ ಬರುವ ಯೋಚನೆ ಇದೆ, ಹೊಂದುವ ಕೆಲಸ ಇದ್ದರೆ ತಿಳಿಸಿ.’ ಇಪ್ಪತ್ತು ಜನಕ್ಕೆ ಕಳಿಸಿದ್ದೆ. ಉತ್ತರ ಬಂದಿದ್ದು ಎರಡು. ಆಮೇಲೆ ಯಾರೋ ಹೇಳಿದರು ಅಂತ ನೌಕ್ರಿ ವೆಬ್‌ಸೈಟಿನಲ್ಲಿ ಈಗಿರುವ ಊರು ಬೆಂಗಳೂರು ಅಂತಲೇ ಹಾಕಿದೆ. ಫೋನುಗಳೇನೋ ಬಂದವು. ‘ಸರ್, ಶನಿವಾರ ಆಫೀಸಿಗೆ ಬರ್ತೀರಾ?’ ಅಂತ ಕೇಳೋರು. ಜರ್ಮನಿಯಲ್ಲಿದ್ದೇನೆ ಅಂದ ಕೂಡಲೇ ಆ ಕಡೆ ಧ್ವನಿ ಬದಲಾಗೋದು. ಸುಳ್ಳು ಹೇಳಿ ಸಿಕ್ಕಿಬಿದ್ದವನ ಜೊತೆ ಮಾತಾಡುವ ಹಾಗೆ. ನೀನು ಇದನ್ನು ಮಾಡಲೇಬೇಡ.

ಈ ಸೆಪ್ಟೆಂಬರಿನಲ್ಲಿ ಒಬ್ಬ ರೆಕ್ರೂಟರ್ ಹುಡುಗಿ ನೇರವಾಗಿ ಹೇಳಿದಳು. ‘ಸರ್, ಹೊರದೇಶದಿಂದ ಬರೆಯೋರು ತುಂಬ ಜನ. ಆಫರ್ ಲೆಟರ್ ತಗೊಂಡು, ಅದನ್ನು ತೋರಿಸಿ ಅಲ್ಲೇ ಸಂಬಳ ಏರಿಸಿಕೊಂಡು ಉಳಿದುಬಿಡ್ತಾರೆ. ನಿಮ್ಮ ಪ್ರೊಫೈಲ್ ಚೆನ್ನಾಗಿದೆ. ಆದರೆ ನನ್ನ ಮ್ಯಾನೇಜರ್‌ಗೆ ನಾನು ಒಂದು ತಾರೀಖು ಹೇಳಬೇಕು.’

ಅವಳ ಮಾತು ಚುಚ್ಚಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಅವತ್ತು ರಾತ್ರಿ ಕೆಲಸದ ಒಪ್ಪಂದ ತೆಗೆದು, ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ಲೆಕ್ಕಕ್ಕೆ ಕೂತೆ. ನನ್ನ ನೋಟಿಸ್ ಪೀರಿಯಡ್ ಮೂರು ತಿಂಗಳು. ಬೆಂಗಳೂರಿನಲ್ಲಿ ಮೂರು ತಿಂಗಳು ಅಂದರೆ ತೊಂಬತ್ತು ದಿನ, ರಾಜೀನಾಮೆ ಕೊಟ್ಟ ದಿನದಿಂದ ಎಣಿಸೋದು, ಅಲ್ವಾ? ನನ್ನ ಒಪ್ಪಂದದಲ್ಲಿ ಹಾಗಿಲ್ಲ. ‘ಮೂರು ತಿಂಗಳು, ತಿಂಗಳ ಕೊನೆಗೆ’ ಅಂತ ಇದೆ. ಇಲ್ಲಿ ಬಹಳ ಜನರ ಒಪ್ಪಂದದಲ್ಲಿ ಇರೋದು ಇದೇ ಮಾತು. ಅಂದರೆ ನನ್ನ ಪತ್ರ ನವೆಂಬರಿನೊಳಗೆ ಅವರ ಕೈಗೆ ಸೇರಿದರೆ ಫೆಬ್ರವರಿ 28ಕ್ಕೆ ಬಿಡುಗಡೆ. ಡಿಸೆಂಬರ್ 1ಕ್ಕೆ ಸೇರಿದರೆ ಮಾರ್ಚ್ 31. ಒಂದು ದಿನ ತಡವಾದರೆ ಒಂದು ತಿಂಗಳು ಹೋಯಿತು. ಈ ಸಲ ನವೆಂಬರ್ 30 ಭಾನುವಾರ, ಹಾಗಾಗಿ ನಿಜವಾದ ಗಡುವು 28ರ ಶುಕ್ರವಾರ.

ಇನ್ನೊಂದು ವಿಷಯ. ಇಲ್ಲಿ ರಾಜೀನಾಮೆಯನ್ನು ಮೇಲ್‌ನಲ್ಲಿ ಕಳಿಸಿದರೆ ಕಾನೂನಿನ ಪ್ರಕಾರ ಅದು ರಾಜೀನಾಮೆಯೇ ಅಲ್ಲ. ಕಾಗದದ ಮೇಲೆ ಪೆನ್ನಿನಿಂದ ಸಹಿ ಹಾಕಿ ಕೊಡಬೇಕು. ಸ್ಕ್ಯಾನ್ ಮಾಡಿ ಕಳಿಸಿದರೂ ನಡೆಯಲ್ಲ. ರಜೆಗೆ ಅಂತ ಬೆಂಗಳೂರಿಗೆ ಬಂದು, ಅಲ್ಲಿಂದಲೇ ಮೇಲ್ ಹಾಕಿ ಗಡುವು ಉಳಿಸಿಕೊಳ್ಳುತ್ತೇನೆ ಅಂತ ಯಾರಾದರೂ ಅಂದುಕೊಂಡಿದ್ದರೆ ಇದನ್ನು ಎರಡು ಸಲ ಓದಲಿ. ಬಾಡಿಗೆ ಮನೆಗೂ ಮೂರು ತಿಂಗಳು, ಆದರೆ ಅದರಲ್ಲಿ ಸ್ವಲ್ಪ ಸಡಿಲ ಇದೆ. ತಿಂಗಳ ಮೂರನೇ ಕೆಲಸದ ದಿನದೊಳಗೆ ಪತ್ರ ಸೇರಿದರೆ ಆ ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಡಿಸೆಂಬರ್ 3ರೊಳಗೆ ಕೊಟ್ಟರೆ ಮನೆಯೂ ಫೆಬ್ರವರಿ ಕೊನೆಗೇ ಮುಗಿಯುತ್ತದೆ. ನಿನ್ನ ರೋಟರ್‌ಡ್ಯಾಮಿನ ನಿಯಮ ಬೇರೆ ಇರುತ್ತದೆ. ನಿನ್ನ ಒಪ್ಪಂದದಲ್ಲಿ ಏನಿದೆ ಅಂತ ನೀನೇ ಓದು, ಅಲ್ಲಿಯ ಗೆಳೆಯರ ಬಾಯಿಮಾತು ನಂಬಬೇಡ.

ಹಾಗೆ ಹಿಂದಕ್ಕೆ ಎಣಿಸಿಕೊಂಡು ಬಂದೆ. ಫೆಬ್ರವರಿ 28ಕ್ಕೆ ಇಲ್ಲಿ ಮುಗಿದರೆ, ಸಾಮಾನು ಕಟ್ಟಿ ಬರಲು ಎರಡು ವಾರ. ಮಾರ್ಚ್ 16ರ ಸೋಮವಾರ ಕೆಲಸಕ್ಕೆ ಸೇರಬಹುದು. ಅದೇ ವಾರ 19ಕ್ಕೆ ಯುಗಾದಿ. ನವೆಂಬರ್ 28ಕ್ಕೆ ರಾಜೀನಾಮೆ ಕೊಡಬೇಕಾದರೆ ಒಂದು ವಾರ ಮುಂಚೆ ಸಹಿ ಇರುವ ಆಫರ್ ಲೆಟರ್ ಕೈಯಲ್ಲಿರಬೇಕು. ಬಾಯಿಮಾತಿನ ಆಫರ್ ನಂಬಿ ರಾಜೀನಾಮೆ ಕೊಡಲು ನಾನು ತಯಾರಿಲ್ಲ.

ಆಮೇಲೆ ಬರೆದ ಮೇಲ್ ಇಂಗ್ಲಿಷಿನಲ್ಲೇ ಇತ್ತು. ಕನ್ನಡದಲ್ಲಿ ಹೇಳಿದರೆ ಇಷ್ಟು:

‘ನಾನು ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ, ಹನ್ನೊಂದು ವರ್ಷದಿಂದ ಕಾರಿನ ಬ್ರೇಕ್ ಕಂಟ್ರೋಲ್ ಸಾಫ್ಟ್‌ವೇರ್ ಕೆಲಸ. ಊರು ಬೆಂಗಳೂರು, ಸ್ವಂತ ಮನೆ ಬನಶಂಕರಿಯಲ್ಲಿ. ಹೆಂಡತಿ, ಮಗಳು ನನ್ನ ಜೊತೆಯೇ ಬರುತ್ತಾರೆ. ನವೆಂಬರ್ 21ರೊಳಗೆ ಆಫರ್ ಲೆಟರ್ ಸಿಕ್ಕರೆ 2026ರ ಮಾರ್ಚ್ 16ಕ್ಕೆ ಸೇರುತ್ತೇನೆ. ಅದು ದಾಟಿದರೆ ಏಪ್ರಿಲ್ ಮಧ್ಯ. ನೋಟಿಸ್ ದುಡ್ಡು ಕಟ್ಟಿ ಬೇಗ ಬರಲು ನನ್ನ ಒಪ್ಪಂದದಲ್ಲಿ ಅವಕಾಶ ಇಲ್ಲ. ಟೆಕ್ನಿಕಲ್ ರೌಂಡ್‌ಗಳನ್ನು ವಿಡಿಯೋದಲ್ಲಿ ಮಾಡಬಹುದು. ಭಾರತದ ಸಮಯ ಬೆಳಗ್ಗೆ 11ರಿಂದ 12:30, ಇಲ್ಲವೇ ಸಂಜೆ 4ರಿಂದ 5. ಎದುರಾಎದುರು ಕೂರುವ ರೌಂಡ್ ಇದ್ದರೆ ನವೆಂಬರ್ 3ರಿಂದ 14ರವರೆಗೆ ಬೆಂಗಳೂರಿನಲ್ಲಿರುತ್ತೇನೆ. ಒಟ್ಟು ಎಷ್ಟು ರೌಂಡ್, ಯಾವುದಕ್ಕೆ ಆಫೀಸಿಗೆ ಬರಬೇಕು ಅಂತ ಈಗಲೇ ತಿಳಿಸಿ. ಕೆಳಗೆ ನನ್ನ ಭಾರತದ ನಂಬರ್ ಇದೆ.’

ಈ ಸಲ ಎಂಟೇ ಜನಕ್ಕೆ ಕಳಿಸಿದೆ. ಐದು ಉತ್ತರ ಬಂತು. ಒಬ್ಬರು ‘ನಮಗೆ ಮೂವತ್ತು ದಿನದೊಳಗೆ ಬರೋರೇ ಬೇಕು’ ಅಂದರು. ಅದೂ ಒಳ್ಳೆಯದೇ. ಇಬ್ಬರ ಸಮಯವೂ ಉಳಿಯಿತು.

ಸಮಯದ ವಿಷಯ ಯಾಕೆ ಅಷ್ಟು ಬಿಡಿಸಿ ಬರೆದೆ ಅಂದರೆ, ನಮಗೆ ಅನುಕೂಲ ಅನ್ನಿಸುವ ಹೊತ್ತು ಅವರಿಗೆ ರಾತ್ರಿ. ಇಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಸಿ ಕೂತರೆ ಅಲ್ಲಿ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ. ಹಾಗಾಗಿ ನಮ್ಮ ಕೆಲಸ ಶುರುವಾಗುವ ಮುಂಚೆ, ಇಲ್ಲ ಊಟದ ಹೊತ್ತಿನಲ್ಲಿ. ಬೇರೆ ದಾರಿ ಇಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎಡವಿದೆ. ಎರಡನೇ ರೌಂಡ್ ಅಕ್ಟೋಬರ್ 27ರ ಸೋಮವಾರ, ಭಾರತದ ಸಮಯ ನಾಲ್ಕೂವರೆಗೆ ಅಂತ ವಾಟ್ಸಾಪ್‌ನಲ್ಲಿ ಗೊತ್ತಾಗಿತ್ತು. ನಾನು ಹಿಂದಿನ ವಾರವೇ ‘ಮಧ್ಯಾಹ್ನ ಒಂದು ಗಂಟೆ’ ಅಂತ ಬರೆದಿಟ್ಟುಕೊಂಡಿದ್ದೆ. ಮಧ್ಯದಲ್ಲಿ ಭಾನುವಾರ ಬಂತು. ಅಕ್ಟೋಬರಿನ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಭಾರತದ ಗಡಿಯಾರ ಎಲ್ಲೂ ಹೋಗಲ್ಲ. ಮೂರೂವರೆ ಗಂಟೆಯ ಅಂತರ ನಾಲ್ಕೂವರೆ ಆಯಿತು. ನನ್ನ ಇಂಟರ್‌ವ್ಯೂ ಹನ್ನೆರಡಕ್ಕೇ ಇತ್ತು. ಒಂದಕ್ಕೆ ಐದು ನಿಮಿಷ ಇರುವಾಗ ಲ್ಯಾಪ್‌ಟಾಪ್ ತೆರೆದರೆ ಅವರು ಕಾದು ಕಾದು ಎದ್ದು ಹೋಗಿದ್ದರು. ಕೈಕಾಲು ತಣ್ಣಗಾಯಿತು ಕಣೋ. ತಕ್ಷಣ ಫೋನ್ ಮಾಡಿ ನಡೆದದ್ದನ್ನು ಇದ್ದ ಹಾಗೆ ಹೇಳಿದೆ. ಮತ್ತೆ ಬುಧವಾರ ಕರೆದರು. ಅವತ್ತಿನಿಂದ ಯಾರೇ ಸಮಯ ಹೇಳಲಿ, ಕ್ಯಾಲೆಂಡರ್ ಇನ್ವೈಟ್ ಕಳಿಸಿ ಅಂತ ಕೇಳುತ್ತೇನೆ. ಇನ್ವೈಟ್ ತಾನೇ ಸರಿಹೋಗುತ್ತದೆ, ತಲೆಯಲ್ಲಿರುವ ಲೆಕ್ಕ ಸರಿಹೋಗಲ್ಲ. ಮಾರ್ಚ್ ಕೊನೆಯ ಭಾನುವಾರ ಇದೇ ಉಲ್ಟಾ ಆಗುತ್ತದೆ, ನೆನಪಿಡು.

ಕೊನೆಯ ರೌಂಡ್ ಆಫೀಸಿಗೇ ಬನ್ನಿ ಅಂದರು. ಮೊದಲು ಸಿಟ್ಟು ಬಂತು, ಅಷ್ಟು ದೂರದಿಂದ ಯಾಕೆ ಅಂತ. ಕೇಳಿದ್ದಕ್ಕೆ ಕಾರಣ ಹೇಳಿದರು. ವಿಡಿಯೋದಲ್ಲಿ ಒಬ್ಬರು ಬಾಯಿ ಆಡಿಸೋದು, ಪಕ್ಕದಲ್ಲಿ ಇನ್ನೊಬ್ಬರು ಉತ್ತರ ಹೇಳೋದು ಆಗಿದೆಯಂತೆ. ಸೇರಲು ಬಂದವನ ಮುಖವೇ ಬೇರೆ ಆಗಿದ್ದೂ ಇದೆಯಂತೆ. ಅವರ ಕಷ್ಟ ನಿಜ ಅನ್ನಿಸಿತು. ನವೆಂಬರ್ 6ಕ್ಕೆ ಹೋದೆ. ಬನಶಂಕರಿಯಲ್ಲಿ ಮೆಟ್ರೋ ಹತ್ತಿ, ಆರ್.ವಿ. ರೋಡ್‌ನಲ್ಲಿ ಹೊಸ ಹಳದಿ ಮಾರ್ಗಕ್ಕೆ ಬದಲಾಯಿಸಿ ಸಿಲ್ಕ್ ಬೋರ್ಡ್‌ನಲ್ಲಿ ಇಳಿದೆ. ಅಲ್ಲಿಂದ ಆಟೋ. ಸಿಲ್ಕ್ ಬೋರ್ಡನ್ನು ಮೇಲಿನಿಂದ ನೋಡಿದ್ದು ಅದೇ ಮೊದಲು. ನೀನು ಜೊತೆಗಿರಬೇಕಿತ್ತು, ಆ 500ಸಿ ಬಸ್ಸಿನ ದಿನ ನೆನಪಾಗಿ ಒಬ್ಬನೇ ನಕ್ಕೆ.

ಈಗ ಆ ಚುಚ್ಚಿದ ಮಾತು.

ಆ ಹುಡುಗಿ ಹೇಳಿದ್ದು ನನ್ನ ಬಗ್ಗೆಯೇ ಆಗಿತ್ತು ಸೀನ. ಎರಡು ವರ್ಷದ ಹಿಂದೆ ನನಗೊಂದು ಆಫರ್ ಬಂದಿತ್ತು. ನಿನಗೆ ಹೇಳಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ. ಒಪ್ಪಿಕೊಂಡು, ನಾಲ್ಕು ವಾರ ಸುಮ್ನೆ ಇಟ್ಟುಕೊಂಡು, ಕೊನೆಗೆ ಬರಲಾಗುವುದಿಲ್ಲ ಅಂತ ಎರಡು ಸಾಲು ಬರೆದೆ. ಸಂಬಳ ಏರಿಸಿಕೊಳ್ಳಲು ಅಲ್ಲ. ಬರಲು ಭಯ ಇತ್ತು, ಅಷ್ಟೇ. ಅಪ್ಪ ಫೋನಿನಲ್ಲಿ ಕೇಳಿದಾಗಲೆಲ್ಲ ‘ಪ್ರಯತ್ನ ಮಾಡ್ತಾ ಇದೀನಪ್ಪಾ’ ಅನ್ನುತ್ತಿದ್ದೆ. ಆ ಮೇಲ್‌ಗಳನ್ನು ಕಳಿಸುತ್ತಿದ್ದದ್ದೇ ಆ ಮಾತು ಸುಳ್ಳಾಗದಿರಲಿ ಅಂತ. ‘ಸದ್ಯದಲ್ಲೇ’ ಅಂತ ಬರೆದರೆ ಯಾರೂ ಉತ್ತರ ಕೊಡುವುದಿಲ್ಲ ಅಂತ ನನಗೆ ಒಳಗೊಳಗೇ ಗೊತ್ತಿತ್ತು ಅಂತ ಈಗ ಅನ್ನಿಸುತ್ತದೆ. ಈ ವರ್ಷದ ಯುಗಾದಿಗೆ ಫೋನ್ ಮಾಡಿದಾಗ ಅಪ್ಪ ಅಡುಗೆ ಕೇಳಿದರು, ಮಗಳ ಕೆಮ್ಮು ಕೇಳಿದರು. ಯಾವಾಗ ಬರ್ತೀಯಾ ಅಂತ ಮಾತ್ರ ಕೇಳಲಿಲ್ಲ. ಮಹಡಿ ರೂಮನ್ನು ಬಾಡಿಗೆಗೆ ಕೊಡೋಣ ಅಂತಿದೀನಿ ಅಂದರು.

ಇದನ್ನು ಎಲ್ಲರೆದುರು ಬರೆಯಬೇಕು ಅಂತ ಇರಲಿಲ್ಲ. ಬಂದುಬಿಟ್ಟಿತು, ಇರಲಿ.

ಆಫರ್ ಲೆಟರ್ 19ಕ್ಕೆ ಬಂತು. ರಾಜೀನಾಮೆ ಪ್ರಿಂಟ್ ಆಗಿ ಅಡುಗೆಮನೆ ಮೇಜಿನ ಮೇಲಿದೆ. ಸಹಿ ಹಾಕಿದ್ದೇನೆ, ನೀಲಿ ಪೆನ್ನಿನಲ್ಲಿ. ಗಡುವಿಗೆ ಇನ್ನೂ ಮೂರು ದಿನ ಇದೆ, ಆದರೆ ನಾಳೆ ಬೆಳಗ್ಗೆ ಒಂಬತ್ತಕ್ಕೇ ಎಚ್‌ಆರ್ ಕೈಗೆ ಕೊಟ್ಟು, ತಲುಪಿತು ಅಂತ ನಕಲಿನ ಮೇಲೆ ಸಹಿ ಹಾಕಿಸಿಕೊಂಡು ಬರುತ್ತೇನೆ. ಅಪ್ಪನಿಗೆ ಆಮೇಲೆ ಫೋನ್ ಮಾಡಬೇಕು. ರೂಮಿಗೆ ಯಾರಾದರೂ ಅಡ್ವಾನ್ಸ್ ಕೊಟ್ಟಿದ್ದಾರಾ ಅಂತ ಮೊದಲು ಕೇಳಬೇಕು.

ನೀನು ನಿನ್ನ ಒಪ್ಪಂದ ಓದಿ ತಾರೀಖು ಕಳಿಸು. ಬಂದಮೇಲೆ ವಿದ್ಯಾರ್ಥಿ ಭವನದ ಸರದಿಯಲ್ಲಿ ನಿನ್ನ ಹೆಸರು ಬರೆಸುವ ಕೆಲಸ ನನ್ನದು. ಎರಡನೇ ದೋಸೆ ಯಾರದು ಅನ್ನೋದು 2009ರಲ್ಲೇ ತೀರ್ಮಾನ ಆಗಿದೆ, ಮತ್ತೆ ತೆಗೆಯಬೇಡ.

ನಿನ್ನ,
ಮಹಡಿ ರೂಮಿನವನು