ಎಲೆ, ಆಚೆ, ಎಸೆ

ಪ್ರೀತಿಯ ಆಯಿ, ಅಪ್ಪಯ್ಯ, ಅಕ್ಕ,

ಎರಡು ವಾರದಿಂದ ವೀಡಿಯೊ ಕಾಲ್ ಇಲ್ಲ, ಇವಳಿಗೆ ಏನಾಗಿದೆಯೋ ಅಂತ ಆಯಿ ಅಕ್ಕನ ಹತ್ತಿರ ಕೇಳಿದಳಂತೆ. ನನಗೇನೂ ಆಗಿಲ್ಲ. ಹೊಸ ಮನೆಗೆ ಇಂಟರ್ನೆಟ್ ಬಂದಿರಲಿಲ್ಲ ಅಷ್ಟೇ. ಮೊಬೈಲಿನಲ್ಲಿ ಇದ್ದ ಸ್ವಲ್ಪ ಡೇಟಾ ಆಫೀಸಿನ ಕೆಲಸಕ್ಕೇ ಸಾಲುತ್ತಿರಲಿಲ್ಲ. ಇಂಟರ್ನೆಟ್ ಯಾಕೆ ತಡವಾಯಿತು ಅಂದರೆ, ಫೋನಿನಲ್ಲಿ ನನ್ನ ಹೆಸರು ಹೇಳೋಕೆ ನನಗೇ ಬರಲಿಲ್ಲ. ನಗಬೇಡಿ, ಪೂರ್ತಿ ಓದಿ.

ಇಲ್ಲಿ ಸ್ಪೇನಿನಲ್ಲಿ ಕನೆಕ್ಷನ್ ಬೇಕಂದರೆ ಕಂಪನಿಗೆ ಫೋನ್ ಮಾಡಬೇಕು. ಹೆಸರು, ಇಮೇಲ್ ಕೇಳಿ ಬರೆದುಕೊಳ್ಳುತ್ತಾರೆ. ಕೆಲಸದವನು ಯಾವತ್ತು, ಎಷ್ಟು ಹೊತ್ತಿಗೆ ಬರುತ್ತಾನೆ ಅಂತ ಆ ಇಮೇಲಿಗೆ ಬರುತ್ತೆ. ನಾನು ಫೋನ್ ಮಾಡಿ ಹೆಸರು ಹೇಳಿದೆ. ಆ ಕಡೆ ಇದ್ದ ಹುಡುಗಿ 'ಮೆ ಲೋ ದೆಲೆತ್ರೆಯ?' ಅಂದಳು, ಅಂದರೆ ಒಂದೊಂದೇ ಅಕ್ಷರ ಬಿಡಿಸಿ ಹೇಳ್ತೀರಾ ಅಂತ. ಅದಕ್ಕೇನು ಅಂತ ಶಾಲೆಯಲ್ಲಿ ಕಲಿತ ಹಾಗೆ ವಿ, ಐ, ಡಿ, ವೈ, ಎ ಅಂತ ಶುರು ಮಾಡಿದೆ. ಆಮೇಲೆ ಎಚ್, ಇ, ಜಿ, ಡಿ, ಇ. ಅವಳು ಪಾಪ ಎಲ್ಲ ಬರೆದುಕೊಂಡಳು, ಥ್ಯಾಂಕ್ಸ್ ಹೇಳಿ ಇಟ್ಟಳು. ವಾರ ಕಳೆದರೂ ಇಮೇಲ್ ಇಲ್ಲ. ಕೆಲಸದವನು ನಾನು ಆಫೀಸಿನಲ್ಲಿದ್ದಾಗ ಬಂದು ಬೆಲ್ ಮಾಡಿ ಹೋಗಿದ್ದ. ಅಂಚೆ ಡಬ್ಬಿಯಲ್ಲಿ ಒಂದು ಕಾಗದ ಬಿದ್ದಿತ್ತು. ಅದರ ಮೇಲಿನ ಹೆಸರು ನೋಡಿ: Baidye Higdi.

ಬೈದೆ ಹಿಗ್ಡಿ! ಯಾರಿಗೆ ಬೈದೆನೋ ಏನೋ.

ಆ ಕಾಗದ ಇಟ್ಟುಕೊಂಡು ಒಂದು ಸಂಜೆ ಕೂತು ಯೋಚಿಸಿದೆ. ಆ ಹುಡುಗಿಯ ತಪ್ಪು ಒಂದೂ ಇಲ್ಲ. ಅವಳು ಕೇಳಿದ್ದನ್ನೇ ಬರೆದಿದ್ದಾಳೆ. ಸ್ಪ್ಯಾನಿಷ್‌ನಲ್ಲಿ ಸ್ವರದ ಹೆಸರು ಅಂದರೆ ಅದರ ಉಚ್ಚಾರವೇ. A ಅಂದರೆ ಆ, E ಅಂದರೆ ಎ, I ಅಂದರೆ ಇ, O ಅಂದರೆ ಒ, U ಅಂದರೆ ಉ. ಥೇಟ್ ನಮ್ಮ ಸ್ವರಗಳೇ. ಈಗ ನಾನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಆ ಕಿವಿಯಿಂದ ಕೇಳಿ ನೋಡಿ. ನಾನು 'ಎ' ಅಂದೆ, ಅವಳು E ಬರೆದಳು. ನಾನು 'ಇ' ಅಂದೆ, ಅವಳು I ಬರೆದಳು, ಅದೂ ಎರಡು ಸಲ. ನಾನು 'ಐ' ಅಂದೆ, ಅವಳಿಗೆ ಆ ಮತ್ತು ಇ ಎರಡೂ ಕೇಳಿಸಿತು, ಎರಡನ್ನೂ ಬರೆದಳು. ವಿದ್ಯಾ ಹೋಗಿ ಬೈದೆ ಆದದ್ದು ಹೀಗೆ. ಇಂಗ್ಲಿಷ್ ಪೂರ್ತಿ ಮರೆತು ಕನ್ನಡದ ಅ ಆ ಇ ಈ ನೆನಪಿಟ್ಟುಕೊಂಡು ಮಾತಾಡಿದ್ದರೆ ಅರ್ಧ ತಾಪತ್ರಯ ಇರುತ್ತಿರಲಿಲ್ಲ.

ಇನ್ನು V. ಸ್ಪ್ಯಾನಿಷ್‌ನಲ್ಲಿ B, V ಎರಡಕ್ಕೂ ಒಂದೇ ಉಚ್ಚಾರ. ನಾನು ಹಲ್ಲು ಕಚ್ಚಿ ವ, ವ, ವ ಅಂತ ಮೂರು ಸಲ ಕೂಗಿದ್ದೆ, ಏನೂ ಉಪಯೋಗ ಇಲ್ಲ, ಅವರ ಕಿವಿಗೆ ಅದು ಬ ನೇ. ಅದಕ್ಕೇ ಹೆಸರು ಬೇರೆ ಇಟ್ಟಿದ್ದಾರೆ. B ಗೆ 'ಬೆ', V ಗೆ 'ಊಬೆ'. ಅವಳು ಆವತ್ತು 'ಬೆ ದೆ ಬಾರ್ಸೆಲೋನ?' ಅಂತ ಕೇಳಿದ್ದಳು. ಬಾರ್ಸೆಲೋನದ ಬ ನಾ ಅಂತ. ನಾನು ಊರಿನ ಹೆಸರು ಮಾತ್ರ ಕೇಳಿಸಿಕೊಂಡು, ಇವಳು ಯಾವುದೋ ಆಫೀಸಿನ ವಿಷಯ ಹೇಳ್ತಿದ್ದಾಳೆ ಅಂದುಕೊಂಡು ಹೂಂ ಅಂದುಬಿಟ್ಟೆ. ತಮಾಷೆ ಏನು ಗೊತ್ತಾ, V ಗೆ ಇಲ್ಲಿ ಎಲ್ಲರೂ ಕೊಡುವ ಉದಾಹರಣೆ ವಾಲೆನ್ಸಿಯ. ನಾನಿರುವ ಊರೇ! ಬಾಯಲ್ಲೇ ಇತ್ತು ಉತ್ತರ.

ಆದರೆ ಒಂದು ಮಾತು. ಲ್ಯಾಟಿನ್ ಅಮೆರಿಕದವರು ಫೋನ್ ಎತ್ತಿದರೆ 'ಊಬೆ' ಅನ್ನುವುದು ಕಡಿಮೆ. ಅಲ್ಲಿ ಎರಡಕ್ಕೂ 'ಬೆ' ಅಂದು, B ಗೆ ಉದ್ದದ ಬೆ, V ಗೆ ಗಿಡ್ಡ ಬೆ ಅಂತ ಹೇಳುವವರು ಜಾಸ್ತಿ. 'ಬೆ ಲಾರ್ಗ', 'ಬೆ ಕೋರ್ತ'. ಸ್ಪೇನಿನ ಭಾಷಾ ಅಕಾಡೆಮಿ 2010ರಲ್ಲಿ ಎಲ್ಲ ದೇಶಕ್ಕೂ ಒಂದೇ ಹೆಸರು ಇರಲಿ ಅಂತ ಸಲಹೆ ಕೊಟ್ಟಿದೆ. ಜನ ಕೇಳಬೇಕಲ್ಲ. Y ಗೂ ಹಾಗೇ. ಅಕಾಡೆಮಿ 'ಯೆ' ಅನ್ನಿ ಅಂದರೂ ಇಲ್ಲಿ ಹೆಚ್ಚಿನವರ ಬಾಯಲ್ಲಿ ಈಗಲೂ 'ಇ ಗ್ರಿಯೇಗ', ಅಂದರೆ ಗ್ರೀಕರ ಇ. ಗೊತ್ತಿಲ್ಲದವರು ಇ ಕೇಳಿದ ಕೂಡಲೇ I ಬರೆದುಬಿಡುತ್ತಾರೆ. ಪೂರ್ತಿ ಕೇಳುವ ತನಕ ಪೆನ್ನು ಎತ್ತಬಾರದು.

ನಿಜವಾದ ಪಜೀತಿ ನಮ್ಮ ಹೆಗಡೆಯದು. ಇಲ್ಲಿ H ಬರೆಯುತ್ತಾರೆ, ಆದರೆ ಉಚ್ಚರಿಸುವುದಿಲ್ಲ. ಹಾಗಾಗಿ ನಾನು ಬಾಯಲ್ಲಿ 'ಹೆಗ್ಡೆ' ಅಂದರೆ ಅವರಿಗೆ ಅದು J ಇಂದ ಶುರುವಾಗುವ ಹೆಸರು, ಯಾಕೆಂದರೆ ಇಲ್ಲಿ ಹ ತರಹದ ಗಂಟಲಿನ ಉಚ್ಚಾರ ಇರುವುದು J ಗೆ. ಅದರ ಹೆಸರು 'ಹೋತ'. G ಯ ಹೆಸರು 'ಹೆ'. ಹಾಗಾದರೆ H? ಅದರ ಹೆಸರು 'ಆಚೆ'!

ಹೌದು ಆಯಿ, ಆಚೆ. ಮನೆಯಿಂದ ಆಚೆ ಅನ್ನುತ್ತೀವಲ್ಲ, ಅದೇ. ಇದೊಂದೇ ಅಲ್ಲ. L ನ ಹೆಸರು 'ಎಲೆ'. S ನ ಹೆಸರು 'ಎಸೆ'. ಊಟ ಆದ ಮೇಲೆ ನೀನು ಹೇಳುತ್ತಿದ್ದೆಯಲ್ಲ, ಎಲೆ ಆಚೆ ಎಸೆ ಅಂತ, ಅದು ಇಲ್ಲಿ ಮೂರು ಅಕ್ಷರ, L, H, S. ಇದು ಹೊಳೆದ ದಿನ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕಿದ್ದೇ ನಕ್ಕಿದ್ದು. ಈ ಮೂರಂತೂ ಈ ಜನ್ಮದಲ್ಲಿ ಮರೆಯಲ್ಲ. ಹಾಗೇ ನಮ್ಮ ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ಞ ಇಲ್ಲಿ ದಿನವೂ ಕೆಲಸ ಮಾಡುತ್ತೆ, N ತಲೆ ಮೇಲೆ ಒಂದು ಅಲೆ ಹಾಕಿದರೆ 'ಎಞೆ'.

ಹೆಗಡೆ ಅಂದರೆ ಈಗ ಆಚೆ, ಎ, ಹೆ, ದೆ, ಎ. 'ಹೆ' ಅಂತ ಕೇಳಿದರೆ ಅದು G, H ಅಲ್ಲ. ನಮಗೆ ಇದೇ ಎಡವುವ ಜಾಗ, ಯಾಕೆಂದರೆ ನಮ್ಮ ಹ ಅವರ G ಯ ಹೆಸರಿನಲ್ಲಿ, J ಯಲ್ಲಿ ಇದೆ, ಅವರ H ನಲ್ಲೇ ಇಲ್ಲ.

ಎರಡನೇ ಸಲ ಫೋನ್ ಮಾಡುವ ಮೊದಲು ಒಂದು ಚೀಟಿ ಬರೆದು ಗೋಡೆಗೆ ಅಂಟಿಸಿದೆ. ನನ್ನ ಇಮೇಲಿನ ಮೊದಲ ಭಾಗ ನಿಮಗೆ ಗೊತ್ತಲ್ಲ, vidya_hegde, ಆಮೇಲೆ ಒಂದು ಚುಕ್ಕಿ, sirsi, ಕೊನೆಗೆ ಎರಡಂಕಿ. ಮಧ್ಯದ ಆ ಕೆಳಗಿನ ಗೆರೆಗೆ 'ಗಿಯೋನ್ ಬಾಹೊ' ಅನ್ನಬೇಕು. ಗಿಯೋನ್ ಅಂದರೆ ಅಡ್ಡ ಗೆರೆ, ಬಾಹೊ ಅಂದರೆ ಕೆಳಗಿನದು. ಮೊದಲ ಸಲ ಬರೀ ಗಿಯೋನ್ ಅಂದಿದ್ದೆ, ಅವಳು ಮಾಮೂಲಿ ಅಡ್ಡ ಗೆರೆ ಹಾಕಿದ್ದಳು. ಅಕ್ಷರ ಎಲ್ಲ ಸರಿಯಾಗಿದ್ದರೂ ಅದೊಂದರಿಂದಲೇ ಇಮೇಲ್ ಬರುತ್ತಿರಲಿಲ್ಲ. ಚುಕ್ಕಿಗೆ 'ಪುಂತೊ'. @ ಗೆ 'ಅರೋಬ'. ಅಪ್ಪಯ್ಯ, ಇದು ನಿಮಗೆ. ಅರೋಬ ಅಂದರೆ ಇಲ್ಲಿ ಹಳೇ ಕಾಲದ ತೂಕದ ಹೆಸರು, ಅವರ ಹಳೇ ಕ್ವಿಂಟಲಿನ ಕಾಲು ಭಾಗ, ಅಂದರೆ 25 ರಾತಲು, ಸುಮಾರು 11.5 ಕೆಜಿ. ಅರಬ್ಬಿಯ ಕಾಲು ಭಾಗ ಅನ್ನುವ ಶಬ್ದದಿಂದ ಬಂದದ್ದಂತೆ. ಹಳೇ ಮದ್ರಾಸ್ ಮಣವೂ 25 ಪೌಂಡೇ ಅಲ್ವಾ, ಹೆಚ್ಚುಕಮ್ಮಿ ಅಷ್ಟೇ ಆಯಿತು. ಅಡಿಕೆ ತೂಗಿದ ಕೈಗೆ ಇದು ಅರ್ಥವಾಗುತ್ತೆ ಅಂತ ಬರೆದೆ.

ಫೋನ್ ಎತ್ತಿದವಳು ಈ ಸಲ ಬೇರೆ. ಹೆಸರು ಹೇಳುವ ಮೊದಲೇ 'ಸೆ ಲೋ ದೆಲೆತ್ರೆಯೊ' ಅಂದೆ, ನಾನೇ ಬಿಡಿಸಿ ಹೇಳ್ತೀನಿ ಅಂತ. ಇದು ಮುಖ್ಯ. ಪೂರ್ತಿ ಹೆಸರು ಮೊದಲು ಹೇಳಿದರೆ ಅವರು ಕೇಳಿದ ಹಾಗೆ ಬರೆದುಬಿಡುತ್ತಾರೆ, ಆಮೇಲೆ ತಿದ್ದಿಸೋದು ಕಷ್ಟ. ಇವರ ಹೆಸರುಗಳು ಕೇಳಿದ ಹಾಗೇ ಬರೆಯುವಂಥವು, ಅನುಮಾನ ಬಂದ ಒಂದು ಅಕ್ಷರವನ್ನು ಮಾತ್ರ ಕೇಳುತ್ತಾರೆ. ನಾವು ಶಂಕರನ ಶ ನಾ, ಷಣ್ಮುಖನ ಷ ನಾ ಅಂತ ಕೇಳಲ್ವಾ, ಹಾಗೆ.

ಆಮೇಲೆ ಚೀಟಿ ನೋಡಿ ನಿಧಾನಕ್ಕೆ ಓದಿದೆ. ಊಬೆ ದೆ ವಾಲೆನ್ಸಿಯ. ಇ ದೆ ಇತಾಲಿಯ. ದೆ ದೆ ದಿನಮಾರ್ಕ. ಇದನ್ನು ಹೇಳುವಾಗ ಮಾತ್ರ ನಗು ಬಂತು, ದೆ ದೆ ದಿ ಅಂತ ತೊದಲಿದ ಹಾಗೆ. ಇ ಗ್ರಿಯೇಗ. ಆ ದೆ ಅಲಿಕಾಂತೆ. ಗಿಯೋನ್ ಬಾಹೊ. ಆಚೆ. ಎ ದೆ ಎಸ್ಪಾಞ. ಹೆ ದೆ ಗ್ರನಾದ. ದೆ. ಎ. ಪುಂತೊ. ಎಸೆ, ಇ, ಎರ್ರೆ, ಎಸೆ, ಇ. ಪ್ರತಿ ಮೂರ್ನಾಲ್ಕು ಅಕ್ಷರಕ್ಕೊಮ್ಮೆ ಅವಳು 'ಸೀ' ಅನ್ನುವ ತನಕ ಕಾದೆ. ಕೊನೆಗೆ 'ತೋದೊ ಹುಂತೊ, ಎನ್ ಮಿನೂಸ್ಕುಲ', ಎಲ್ಲ ಒಟ್ಟಿಗೆ, ಸಣ್ಣ ಅಕ್ಷರದಲ್ಲಿ. ಅಂಕಿ ಮಾತ್ರ ಒಂದೊಂದೇ ಹೇಳಿದೆ, ಯಾಕೆಂದರೆ ಅರವತ್ತು ಸೆಸೆಂತ, ಎಪ್ಪತ್ತು ಸೆತೆಂತ, ಕೆಟ್ಟ ಲೈನಿನಲ್ಲಿ ಎರಡೂ ಒಂದೇ.

ಆಮೇಲೆ ಅವಳ ಹತ್ತಿರ ಓದಿಸಿದೆ. ಓದಿಸಿದರೂ ನಂಬಿಕೆ ಇರಲಿಲ್ಲ. ಹಾಗಾಗಿ ಈಗಲೇ ಒಂದು ಇಮೇಲ್ ಕಳಿಸಿ, ನಾನು ಲೈನಿನಲ್ಲೇ ಇರ್ತೀನಿ ಅಂದೆ. ಅರ್ಧ ನಿಮಿಷಕ್ಕೆ ಮೊಬೈಲ್ ಟಣ್ ಅಂತು. ಓದಿಸುವುದಕ್ಕಿಂತ ಇದೇ ವಾಸಿ, ಅವರು ಬಾಯಲ್ಲಿ ಸರಿ ಓದಿದರೂ ಬೆರಳು ಏನು ಒತ್ತಿದೆ ಅಂತ ನಮಗೆ ಕಾಣಲ್ಲ.

ನಿನ್ನೆ ಮಧ್ಯಾಹ್ನ ಕೆಲಸದವನು ಬಂದು ಡಬ್ಬಿ ಕೂರಿಸಿ ಹೋದ. ಸಹಿ ಮಾಡುವ ಕಾಗದದಲ್ಲಿ ಹೆಸರು ಸರಿ ಇತ್ತು. ಅವನು ಮಾತ್ರ ಓದಿದ್ದು 'ಬಿದ್ಯಾ ಎಗ್ದೆ' ಅಂತಲೇ. ಅದಕ್ಕೆ ನಾನೇನೂ ಮಾಡಲಾರೆ, ಅವನ ಬಾಯಿ ಅವನದು.

ಭಾನುವಾರ ನಿಮ್ಮ ಸಂಜೆ ಏಳಕ್ಕೆ ಕಾಲ್ ಮಾಡುತ್ತೇನೆ. ಅಪ್ಪಯ್ಯ, ಆವತ್ತು ಕಾಗದ ನೋಡದೆ ನಮ್ಮ ಅಡ್ಡಹೆಸರು ಬಿಡಿಸಿ ಹೇಳಬೇಕು. ಶುರು ಆಚೆಯಿಂದ.

ನಿಮ್ಮ,
ವಿದ್ಯಾ