ಮೂರು ವಾಕ್ಯದ ಪರಿಚಯ: ಮೊದಲ ಪುಸ್ತಕ ತರುತ್ತಿರುವ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಕಥಾ ಸಂಕಲನದ ಹಿಂಬದಿಗೆ ಹಾಕಬೇಕು ಅಂತ ಕಳಿಸಿದ ಲೇಖಕಿ ಪರಿಚಯ ಓದಿದೆ. ಪ್ರಕಾಶಕರು ಮೂರೇ ವಾಕ್ಯ ಕೇಳಿದ್ದಾರೆ, ನೀನು ಒಂದು ಪುಟ ಬರೆದಿದ್ದೀಯ. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆ ಪುಟದಲ್ಲಿ ಬೆನ್ನುಡಿ ಇರಬೇಕು, ನಿನ್ನ ಫೋಟೋ ಇರಬೇಕು, ಬೆಲೆ, ಬಾರ್‌ಕೋಡ್ ಎಲ್ಲ ಇರಬೇಕು. ಉಳಿಯುವ ಜಾಗ ಅಂಗೈ ಅಗಲ.

ನೀನು ಬರೆದದ್ದನ್ನು ಊರಿನ ಹೆಸರು, ಅಪ್ಪ ಅಮ್ಮನ ಹೆಸರು ತೆಗೆದು ಇಲ್ಲಿ ಹಾಕುತ್ತೇನೆ. ಈ ಪತ್ರವನ್ನು ಬೇರೆಯವರೂ ಓದುತ್ತಾರೆ, ಅದಕ್ಕೆ.

"ಸಾಹಿತ್ಯ ಕ್ಷೇತ್ರದಲ್ಲಿ ಬಹುಮುಖ ಪ್ರತಿಭೆಯಾಗಿ ಗುರುತಿಸಿಕೊಂಡಿರುವ ಇವರು ಹಚ್ಚ ಹಸಿರಿನ ಮಲೆನಾಡಿನ ಮಡಿಲಲ್ಲಿ ಕೃಷಿಕ ದಂಪತಿಯ ದ್ವಿತೀಯ ಪುತ್ರಿಯಾಗಿ ಜನಿಸಿ, ಬಾಲ್ಯದಿಂದಲೇ ಓದು ಬರಹದಲ್ಲಿ ಅಪಾರ ಆಸಕ್ತಿ ಬೆಳೆಸಿಕೊಂಡು, ಪ್ರಾಥಮಿಕ ಶಿಕ್ಷಣವನ್ನು ಹುಟ್ಟೂರಿನಲ್ಲೂ ಪ್ರೌಢ ಶಿಕ್ಷಣವನ್ನು ಶಿವಮೊಗ್ಗದಲ್ಲೂ ಮುಗಿಸಿ, ಕುವೆಂಪು ವಿಶ್ವವಿದ್ಯಾಲಯದಿಂದ ಕನ್ನಡದಲ್ಲಿ ಸ್ನಾತಕೋತ್ತರ ಪದವಿ ಪಡೆದಿರುತ್ತಾರೆ. ಪ್ರೌಢಶಾಲೆಯಲ್ಲಿದ್ದಾಗಲೇ ಪ್ರಬಂಧ ಸ್ಪರ್ಧೆಯಲ್ಲಿ ಪ್ರಥಮ ಬಹುಮಾನ ಪಡೆದ ಇವರು ಹಲವಾರು ಕವಿಗೋಷ್ಠಿಗಳಲ್ಲಿ ಭಾಗವಹಿಸಿದ್ದಾರೆ. ಇವರ ಕಥೆಗಳು ನಾಡಿನ ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟವಾಗಿದ್ದು, ಹತ್ತು ಹಲವು ಪ್ರಶಸ್ತಿ ಪುರಸ್ಕಾರಗಳು ಇವರನ್ನು ಅರಸಿ ಬಂದಿವೆ. ಇವರ ಅಜ್ಜನ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿದ್ದರಿಂದ ಕುಟುಂಬ ಶಿವಮೊಗ್ಗದ ಕಡೆ ಬಂದು ನೆಲೆಸಿತು. ಪ್ರಸ್ತುತ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿಯಾಗಿ ಸೇವೆ ಸಲ್ಲಿಸುತ್ತಾ, ಪತಿ ಹಾಗೂ ಪುತ್ರನೊಂದಿಗೆ ತುಂಬು ಸಂಸಾರ ನಡೆಸುತ್ತಿದ್ದಾರೆ. ಚಾರಣ, ಛಾಯಾಗ್ರಹಣ, ಅಡುಗೆ ಇವರ ಹವ್ಯಾಸಗಳು."

ಇದನ್ನು ಕತ್ತರಿಸಲು ಕೂತರೆ ಎಲ್ಲರೂ ಮಾಡುವ ಕೆಲಸ ಒಂದೇ. ವಾಕ್ಯದಿಂದ ಅಲ್ಲೊಂದು ಪದ ಇಲ್ಲೊಂದು ಪದ ತೆಗೆಯೋದು. "ಅಪಾರ" ಹೋಯಿತು, "ಹಚ್ಚ ಹಸಿರಿನ" ಹೋಯಿತು, ಅರ್ಧ ಗಂಟೆ ಕಳೆಯಿತು, ಪುಟ ಮಾತ್ರ ಹಾಗೇ ಇದೆ. ಹಾಗೆ ಮಾಡಬೇಡ. ವಾಕ್ಯಗಳನ್ನು ಪಕ್ಕಕ್ಕಿಡು. ಬೇರೆ ಹಾಳೆಯಲ್ಲಿ ಇದರೊಳಗಿನ ಸಂಗತಿಗಳನ್ನು ಮಾತ್ರ ಸಾಲಿಗೆ ಒಂದರಂತೆ ಬರೆ, ಕ್ರಿಯಾಪದವೂ ಬೇಡ. ಎಂ.ಎ. ಕನ್ನಡ, ಕುವೆಂಪು ವಿ.ವಿ. ಶಿಕ್ಷಕಿ, ಸರ್ಕಾರಿ ಪ್ರೌಢಶಾಲೆ. ಅಜ್ಜನ ಊರು, ಮುಳುಗಡೆ. ಹೀಗೆ ಬರೆದಾಗ ಒಂದು ವಿಷಯ ಕಾಣುತ್ತೆ: "ಬಹುಮುಖ ಪ್ರತಿಭೆ", "ಅಪಾರ ಆಸಕ್ತಿ", "ಅರಸಿ ಬಂದಿವೆ" ಇವ್ಯಾವುದೂ ಆ ಹಾಳೆಗೆ ಬರೋದೇ ಇಲ್ಲ. ಅವುಗಳಲ್ಲಿ ಸಂಗತಿಯೇ ಇಲ್ಲ.

ಆಮೇಲೆ ವಿಂಗಡಣೆ. ನಮ್ಮ ಕಡೆಯವಳಿಗೆ ಇದನ್ನು ಹೇಳಿಕೊಡಬೇಕಾ? ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಬೇರೆ ಮಾಡದೆ ಎಲ್ಲ ಅಡಿಕೆಯನ್ನೂ ಒಂದೇ ಚೀಲಕ್ಕೆ ತುಂಬಿ ಮಂಡಿಗೆ ಒಯ್ದರೆ ಸರಕಿಗೂ ಗೊರಬಲಿನ ರೇಟೇ ಸಿಗುತ್ತೆ. ನಿನ್ನ ಪರಿಚಯದಲ್ಲಿ ಆಗಿರೋದು ಅದೇ. ಹೈಸ್ಕೂಲಿನ ಪ್ರಬಂಧ ಸ್ಪರ್ಧೆಯ ಪಕ್ಕದಲ್ಲೇ "ಹತ್ತು ಹಲವು ಪ್ರಶಸ್ತಿ" ಅಂದರೆ, ಓದುವವರು ಆ ಹತ್ತು ಹಲವನ್ನೂ ಹೈಸ್ಕೂಲಿನ ಲೆಕ್ಕಕ್ಕೇ ಹಾಕುತ್ತಾರೆ.

ವಿಂಗಡಿಸೋಕೆ ನಾನು ಕೇಳಿಕೊಳ್ಳುವ ಪ್ರಶ್ನೆ ಇದು: ಈ ಪುಸ್ತಕವನ್ನು ಅಂಗಡಿಯಲ್ಲಿ ಕೈಗೆತ್ತಿಕೊಂಡ ಅಪರಿಚಿತರು, ಈ ಸಂಗತಿ ತಿಳಿದರೆ ನಿನ್ನ ಕತೆಗಳನ್ನು ಸ್ವಲ್ಪ ಜಾಸ್ತಿ ನಂಬುತ್ತಾರಾ? ಚಾರಣಕ್ಕೆ ಹೋಗ್ತೀಯ ಅಂದರೆ ನಂಬಿಕೆ ಹೆಚ್ಚೋದಿಲ್ಲ. ಎರಡನೇ ಮಗಳು ಅಂದರೂ ಇಲ್ಲ. ಗಂಡ, ಮಗನ ಮಾತಂತೂ ಬಿಡು, ಗಂಡಸರ ಪರಿಚಯದಲ್ಲಿ "ತುಂಬು ಸಂಸಾರ" ಅಂತ ಬರೆದಿದ್ದನ್ನು ನಾನು ನೋಡಿದ್ದು ಕಡಿಮೆ. ಅಪ್ಪ ಅಮ್ಮನ ಹೆಸರು ಬಿಟ್ಟರೆ ಅವರಿಗೆ ಬೇಜಾರಾಗುತ್ತೆ, ಗೊತ್ತು. ಅದಕ್ಕೆ ಅರ್ಪಣೆಯ ಪುಟ ಇದೆಯಲ್ಲ, ಅಲ್ಲಿ ಇಡೀ ಪುಟವೇ ಅವರದ್ದು.

ಈಗ ನಿನ್ನ ಪುಸ್ತಕ ಏನು? ಊರು ಮುಳುಗಿ ಎದ್ದು ಬಂದ ಜನರ ಕತೆಗಳು. ಹಾಗಿರುವಾಗ ನಿನ್ನ ಬಹು ದೊಡ್ಡ ಅರ್ಹತೆಯನ್ನು ಎಲ್ಲಿಟ್ಟಿದ್ದೀಯ ನೋಡು ಮಾರಾಯ್ತಿ! ಕವಿಗೋಷ್ಠಿ, ಪ್ರಶಸ್ತಿ ಎಲ್ಲ ಮುಗಿದ ಮೇಲೆ, ಕೊನೆಗೆ ಹತ್ತಿರ, ಹವ್ಯಾಸಕ್ಕಿಂತ ಸ್ವಲ್ಪ ಮೇಲೆ. ಅರ್ಹತೆ ಅಂದರೆ ಪದವಿ, ಪ್ರಶಸ್ತಿ ಅಂತಷ್ಟೇ ತಿಳಿದಿದ್ದಕ್ಕೆ ಹೀಗಾಗೋದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಿನ್ನ ಅಜ್ಜ ಅದನ್ನು ಅನುಭವಿಸಿದವರು, ನೀನು ಮೂರನೇ ತಲೆಮಾರು. ಈ ಕತೆಗಳನ್ನು ಹೇಳಲು ನೀನು ಯಾರು ಅಂತ ಯಾರಾದರೂ ಕೇಳಿದರೆ ಎಂ.ಎ. ಸರ್ಟಿಫಿಕೇಟು ಅದಕ್ಕೆ ಉತ್ತರ ಕೊಡೋದಿಲ್ಲ, ಇದು ಕೊಡುತ್ತೆ. ಹಾಗಾಗಿ ಇದು ಮೊದಲ ವಾಕ್ಯಕ್ಕೆ.

ಪ್ರಶಸ್ತಿಗಳ ವಿಷಯ. ನಿನ್ನನ್ನು ಫೋನಿನಲ್ಲಿ ಕೇಳಿದಾಗ ಆ "ಹತ್ತು ಹಲವು" ಏನೇನು ಅಂತ ಹೇಳಿದೆಯಲ್ಲ. ಅದರಲ್ಲಿ ಒಂದು ಪತ್ರಿಕೆಯ ದೀಪಾವಳಿ ಕಥಾ ಸ್ಪರ್ಧೆಯ ಎರಡನೇ ಬಹುಮಾನ ಇದೆ, ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಈ ಹಸ್ತಪ್ರತಿ ಆಯ್ಕೆಯಾದದ್ದು ಇದೆ. ಇವೆರಡನ್ನೂ ಹೆಸರು ಹೇಳದೆ ಮುಚ್ಚಿಟ್ಟು, "ಅರಸಿ ಬಂದಿವೆ" ಅಂತ ಬರೆದಿದ್ದೀಯ! ಉಳಿದವು ಕವಿಗೋಷ್ಠಿಯಲ್ಲಿ ಕೊಟ್ಟ ಅಭಿನಂದನಾ ಪತ್ರಗಳು, ಜೊತೆಗೆ ನೋಂದಣಿ ಶುಲ್ಕ ಕಟ್ಟಿಸಿಕೊಂಡು ಕೊಟ್ಟ ಒಂದು "ರತ್ನ". ಆ ರತ್ನವನ್ನು ಎಲ್ಲೂ ಬರೆಯಬೇಡ. ಸಾಹಿತ್ಯದ ಒಳಹೊರಗು ಗೊತ್ತಿರುವವರು ಅದನ್ನು ಕಂಡ ತಕ್ಷಣ ಪಕ್ಕದ ನಿಜವಾದ ಬಹುಮಾನವನ್ನೂ ಅನುಮಾನದಿಂದ ನೋಡುತ್ತಾರೆ. ಭಾಗವಹಿಸಿದ್ದಕ್ಕೂ ಆಯ್ಕೆಯಾದದ್ದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಇನ್ನೊಬ್ಬರು ನಿನ್ನ ಬರಹ ಓದಿ, ಬೇರೆಯವರದ್ದನ್ನು ಬಿಟ್ಟು ನಿನ್ನದನ್ನು ಆರಿಸಿದ್ದಾರೆ ಅನ್ನುವಂಥದ್ದು ಮಾತ್ರ ಇಟ್ಟುಕೋ.

ಇಟ್ಟುಕೊಂಡದ್ದಕ್ಕೆ ಕತೆಯ ಹೆಸರು, ಕೊಟ್ಟವರ ಹೆಸರು, ವರ್ಷ ಮೂರೂ ಇರಲಿ. ಹೆಗ್ಗೋಡಿನ ಕೆ.ವಿ. ಸುಬ್ಬಣ್ಣ ಅವರನ್ನೇ ನೋಡು. 1949ರಲ್ಲಿ ಶುರುವಾದ ನೀನಾಸಂ ಕಟ್ಟಿದವರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದವರು ಅಂದರೆ ಸಾಕು, ಮುಂದೆ "ಖ್ಯಾತ" ಅಂತ ಸೇರಿಸಿದರೆ ತೂಕ ಕಡಿಮೆಯಾಗುತ್ತೆ. "ಪ್ರಮುಖ ಪತ್ರಿಕೆಗಳಲ್ಲಿ" ಅನ್ನೋದಕ್ಕೂ ಇದೇ ಮಾತು: ಒಂದೆರಡು ಪತ್ರಿಕೆಯ ಹೆಸರು ಹೇಳು, ಇಲ್ಲಾಂದ್ರೆ ಬಿಡು. ನಿನಗೆ ಬಿಡೋದೇ ಒಳ್ಳೇದು. ಯಾವ ಕತೆ ಎಲ್ಲಿ ಯಾವಾಗ ಬಂತು ಅನ್ನೋದನ್ನು ಪುಸ್ತಕದ ಒಳಪುಟದಲ್ಲಿ ಒಂದು ಪಟ್ಟಿ ಮಾಡಿ ಹಾಕಬಹುದು, ಅಲ್ಲಿ ಜಾಗಕ್ಕೆ ಬರ ಇಲ್ಲ.

ಇಷ್ಟಾದ ಮೇಲೆ ಬರೆಯೋಣ.

"(ಹೆಸರು) ಲಿಂಗನಮಕ್ಕಿ ಹಿನ್ನೀರಿನಲ್ಲಿ ಊರು ಕಳೆದುಕೊಂಡು ಶಿವಮೊಗ್ಗದ ಕಡೆ ಬಂದ ಕುಟುಂಬದ ಮೂರನೇ ತಲೆಮಾರಿನ ಕತೆಗಾರ್ತಿ. ಇವರ (ಕತೆಯ ಹೆಸರು) ಕತೆಗೆ (ವರ್ಷ, ಪತ್ರಿಕೆ) ದೀಪಾವಳಿ ಕಥಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದಿದ್ದು, ಈ ಮೊದಲ ಸಂಕಲನ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ ಆಯ್ಕೆಯಾಗಿದೆ. ಕುವೆಂಪು ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದಿರುವ ಇವರು ಪ್ರೌಢಶಾಲಾ ಶಿಕ್ಷಕಿ."

ಏನು ಕಳೆದುಹೋಯಿತು ಹೇಳು? ತೂಕದ ಸಂಗತಿ ಯಾವುದೂ ಹೋಗಿಲ್ಲ. ಬದಲಿಗೆ ಮೊದಲಿನದರಲ್ಲಿ ಇಲ್ಲದಿದ್ದ ಎರಡು ಒಳಗೆ ಬಂದಿವೆ.

ಶಾಲೆ ಯಾವ ತಾಲ್ಲೂಕಿನದ್ದು ಅಂತ ಬೇಕಂತಲೇ ಬಿಟ್ಟೆ. ನಿನಗೆ ನಾಳೆ ವರ್ಗಾವಣೆ ಆಗಬಹುದು, ಅಚ್ಚಾದ ಪುಸ್ತಕಕ್ಕೆ ವರ್ಗಾವಣೆ ಇಲ್ಲ. "ಪ್ರಸ್ತುತ", "ಇತ್ತೀಚೆಗೆ" ಅನ್ನುವ ಪದಗಳದ್ದೂ ಇದೇ ಕಷ್ಟ. ಐದು ವರ್ಷ ಬಿಟ್ಟು ಓದುವವರಿಗೆ ಅವು ಸುಳ್ಳು ಹೇಳುತ್ತವೆ.

ಒಂದು ಎಚ್ಚರಿಕೆ. ಕನ್ನಡದಲ್ಲಿ ಮೂರು ವಾಕ್ಯ ಅನ್ನುವ ಲೆಕ್ಕಕ್ಕೆ ಮೋಸ ಮಾಡೋದು ಬಹಳ ಸುಲಭ. ಜನಿಸಿ, ಬೆಳೆದು, ಓದಿ, ಮುಗಿಸಿ, ಸೇರಿ, ಪಡೆದು, ಸಲ್ಲಿಸುತ್ತಾ ಅಂತ ಪೋಣಿಸುತ್ತಾ ಹೋದರೆ ಇಡೀ ಜೀವನಚರಿತ್ರೆ ಒಂದೇ ಪೂರ್ಣವಿರಾಮಕ್ಕೆ ಮುಗಿಯುತ್ತೆ. ನಿನ್ನ ಮೊದಲ ವಾಕ್ಯ ಮಾಡಿದ್ದು ಅದನ್ನೇ: ಹುಟ್ಟಿನಿಂದ ಎಂ.ಎ.ವರೆಗೆ ಒಂದೇ ಉಸಿರು. ಕಂಡುಹಿಡಿಯೋಕೆ ದಾರಿ ಇದೆ. ನಿರೂಪಕರು ಮೈಕಿನ ಮುಂದೆ ಓದುವ ಹಾಗೆ ಗಟ್ಟಿಯಾಗಿ ಓದು. ವಾಕ್ಯದ ನಡುವೆ ಎರಡನೇ ಸಲ ಉಸಿರು ತೆಗೆದುಕೊಳ್ಳಬೇಕಾಗಿ ಬಂದರೆ ಅಲ್ಲಿ ಎರಡು ವಾಕ್ಯ ಇವೆ, ಒಂದನ್ನು ತೆಗಿ. ಮೇಲಿನ ಎರಡನೇ ವಾಕ್ಯ ಈ ಪರೀಕ್ಷೆಯಲ್ಲಿ ಕಷ್ಟಪಟ್ಟು ಪಾಸಾಗುತ್ತೆ, ನಾನೇ ಒಪ್ಪುತ್ತೇನೆ. ಪ್ರಕಾಶಕರು ಪ್ರಾಧಿಕಾರದ ವಿವರವನ್ನು ಒಳಪುಟದಲ್ಲಿ ಹಾಕೋದಾದರೆ ಅದರ ಅರ್ಧ ಭಾಗ ಅಲ್ಲಿಗೆ ಹೋಗಲಿ.

ಇನ್ನು, ಇದೇ ಮೂರು ವಾಕ್ಯ ಎಲ್ಲ ಕಡೆಗೂ ಹೊಂದುತ್ತೆ ಅಂದುಕೊಳ್ಳಬೇಡ. ಜಾಗ ಸಾಲದಿದ್ದರೆ ಸಂಪಾದಕರಾಗಲಿ ಕಾರ್ಯಕ್ರಮದವರಾಗಲಿ ಕೆಳಗಿನಿಂದ ಕತ್ತರಿಸುತ್ತಾರೆ. ಹಾಗಾಗಿ ಆ ಸಂದರ್ಭಕ್ಕೆ ಬೇಕಾದದ್ದು ಮೊದಲ ವಾಕ್ಯದಲ್ಲೇ ಇರಬೇಕು, ಉಳಿದೆರಡು ಹಾರಿಹೋದರೂ ಅದೊಂದೇ ನಿಲ್ಲಬೇಕು. ಶಿಕ್ಷಕರ ಕಾರ್ಯಾಗಾರಕ್ಕೆ ಕರೆದರೆ ಶಿಕ್ಷಕಿ, ಎಂ.ಎ. ಅನ್ನೋ ವಾಕ್ಯ ಮೇಲಕ್ಕೆ ಬರಲಿ, ಮುಳುಗಡೆಯ ಮಾತು ಕೊನೆಗೆ ಹೋಗಲಿ. ಕಥಾ ಗೋಷ್ಠಿಗೆ ಕರೆದರೆ ಬಹುಮಾನ ಮೇಲೆ. ಸಂಗತಿ ಅವೇ, ಸಾಲು ಮಾತ್ರ ಅದಲು ಬದಲು. ಆ ಸಂಗತಿಗಳ ಹಾಳೆಯನ್ನು ಅದಕ್ಕೇ ಎಸೆಯಬೇಡ ಅನ್ನೋದು. ಎರಡನೇ ಪುಸ್ತಕ ಬಂದಾಗ ಅದಕ್ಕೊಂದು ಸಾಲು ಸೇರಿಸು, ಪರಿಚಯದಿಂದ ಒಂದನ್ನು ಇಳಿಸು.

ಮುಖಪುಟ ಪ್ರೆಸ್ಸಿಗೆ ಹೋಗುವ ಮೊದಲು ಬಹುಮಾನದ ವರ್ಷ, ಕತೆಯ ಹೆಸರು, ಪತ್ರಿಕೆಯ ಹೆಸರು ಈ ಮೂರನ್ನೂ ಸರ್ಟಿಫಿಕೇಟು ಎದುರಿಗಿಟ್ಟುಕೊಂಡು ತಾಳೆ ನೋಡು, ನೆನಪಿನಿಂದ ಬರೆಯಬೇಡ. ತಿದ್ದಿದ ಪ್ರತಿ ನನಗೂ ಒಂದು ಕಳಿಸು, ಪ್ರೂಫ್ ನೋಡಿಕೊಡ್ತೇನೆ.

ನಿನ್ನ,
ಅಕ್ಕ
ತೀರ್ಥಹಳ್ಳಿ